ಬಿಲ್ ತಪ್ಪು ಮಾಡೀನಿ, ಮ್ಯಾನೇಜರ್‌ಗೆ ಮೆಸೇಜ್ ಹೆಂಗ ಹಾಕ್ಲಿ? ಅರ್ಜೆಂಟ್ ಐತ್ರಿ

ಉದ್ಯಮಬಾಗ್ ಬಿಲ್ಲಿಂಗ್ · ಗುರುವಾರ, ಮಧ್ಯಾಹ್ನ 1.10

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ ಉದ್ಯಮಬಾಗ್‌ನ್ಯಾಗ ಒಂದು ಫೌಂಡ್ರಿದಾಗ ಅಕೌಂಟ್ಸ್ ನೋಡ್ತೀನಿ, ಸೇರಿ 1 ವರ್ಷ 4 ತಿಂಗಳಾತು. ನಮ್ಮದೊಂದು ದೊಡ್ಡ ಪಾರ್ಟಿ ಐತಿ, ಅವರಿಗೆ ಬೆಳಗಾವ್ಯಾಗೊಂದು ಯೂನಿಟ್, ಕೊಲ್ಹಾಪುರದಾಗೊಂದು ಯೂನಿಟ್, ಜಿಎಸ್‌ಟಿ ನಂಬರ್ ಬ್ಯಾರೆ ಬ್ಯಾರೆ, ಇಲ್ಲಿದು 29ರಿಂದ ಚಾಲೂ ಆಗ್ತೈತಿ, ಅಲ್ಲಿದು 27. 16ನೇ ತಾರೀಖಿಗೆ ಕೊಲ್ಹಾಪುರಕ್ಕ ಹೋದ ಕಾಸ್ಟಿಂಗ್ ಮಾಲಿನ ಬಿಲ್ ನಾನು ಬೆಳಗಾವಿ ಯೂನಿಟ್ ಹೆಸರಿಗೆ ಮಾಡೀನಿ. ಐಜಿಎಸ್‌ಟಿ ಹಾಕೋ ಬದ್ಲಿ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಬಿದ್ದೈತಿ. ಮಾಲು 4,20,000, ಟ್ಯಾಕ್ಸ್ 75,600, ಒಟ್ಟು 4,95,600. ಮಾಲು ಇಳಿಸೋ ವಿಳಾಸ ಮಾತ್ರ ಕೊಲ್ಹಾಪುರದ್ದ ಇತ್ತು, ಅದಕ್ಕ ಗಾಡಿ ಸೀದಾ ಹೋಗಿ ಮುಟ್ಟೈತಿ, ಯಾರಿಗೂ ಗೊತ್ತಾಗಿಲ್ಲ. ಇವತ್ತ ಮುಂಜಾನೆ ಪಿಓ ಫೈಲ್ ಹಚ್ಚಾಕ ಕುಂತಾಗ ನನ್ನ ಕಣ್ಣಿಗೆ ಬಿತ್ತು. ಎದಿ ಧಸಕ್ಕಂತು.

ಮ್ಯಾನೇಜರ್ ಸರ್ ಪುಣೆದಾಗ ಮೀಟಿಂಗ್‌ನ್ಯಾಗ ಅದಾರ, ಫೋನ್ ಎತ್ತಂಗಿಲ್ಲ, ವಾಟ್ಸಾಪ್ ನೋಡ್ತಾರ. ನಾನು ಬರ್ದಿದ್ದು ಹಿಂಗೈತಿ, ಕಳಸ್ಲೋ ಬ್ಯಾಡೋ ಹೇಳ್ರಿ:

> ನಮಸ್ಕಾರ ಸರ್, ಮೀಟಿಂಗ್‌ನ್ಯಾಗ ಇದ್ದೀರಿ ಅಂತ ಗೊತ್ತು, ತ್ರಾಸ ಕೊಡಾಕತ್ತೀನಿ ಕ್ಷಮಾ ಇರ್ಲಿ ಸರ್. ಒಂದು ಸಣ್ಣ ವಿಷಯ ಇತ್ತು. 16ನೇ ತಾರೀಖ ಲೋಡಿಂಗ್‌ನವ್ರು ಬಾಳ ಗಡಿಬಿಡಿ ಮಾಡಿದ್ರು, ಡ್ರೈವರ್ ಬಾಗಲದಾಗ ನಿಂತು ಒದರಾಕತ್ತಿದ್ದ, ಟ್ಯಾಲಿದಾಗ ಎರಡೂ ಲೆಡ್ಜರ್ ಹೆಸರು ಒಂದ ನಮೂನಿ ಅದಾವು ಸರ್, ಮತ್ತ ಅವತ್ತ ಅವ್ವಗ ಆರಾಮ ಇರ್ಲಿಲ್ಲ, ನಾನು ಅರ್ಧಾ ದಿನ ಲೇಟ್ ಬಂದಿದ್ದೆ. ಆ ಗಡಿಬಿಡ್ಯಾಗ ಬಿಲ್ಲಿನ್ಯಾಗ ಸ್ವಲ್ಪ ತಪ್ಪಾಗೇತಿ ಸರ್. ನಾನು ಹಿಂಗ ಯಾವತ್ತೂ ಮಾಡಾಂವ ಅಲ್ಲ ನಿಮಗ ಗೊತ್ತೈತಿ. ಇನ್ನ ಮ್ಯಾಲೆ ಜೀವನದಾಗ ಇಂಥಾ ತಪ್ಪು ಮಾಡಂಗಿಲ್ಲ. ಈಗ ಏನ್ ಮಾಡ್ಲಿ ಸರ್?

---

ನವನಗರದಾಂವ · 1.18

ಬಾಗಲಕೋಟಿಯಿಂದ. ತಮ್ಮಾ, ಯಾರಿಗೂ ಗೊತ್ತಾಗಿಲ್ಲ ಅಂತ ನೀನ ಬರದೀಯಲ್ಲ, ಮತ್ಯಾಕ ಬಾಯಿ ಬಿಡ್ತಿ. ತಿಂಗಳ ಮುಗದ ಮ್ಯಾಲೆ ಜಿಎಸ್‌ಟಿಆರ್-1 ತುಂಬುವಾಗ ಆ ಬಿಲ್ಲಿನ ಎಂಟ್ರಿ ಎಡಿಟ್ ಹೊಡಿ, 29 ತಗದು 27 ಹಾಕು, ಐಜಿಎಸ್‌ಟಿ ಮಾಡು, ಕಥಿ ಮುಗೀತು. ಪೋರ್ಟಲ್ ಎಡಿಟ್ ಮಾಡಾಕ ಬಿಡ್ತೈತಿ, ನಾನ ಮಾಡೀನಿ.

---

ಹಳೇ ಕೀರ್ದಿಪುಸ್ತಕ · 1.31

ನವನಗರದವ್ರು ಹೇಳಿದ್ದು ಅರ್ಧಾ ಖರೆ. ಪೋರ್ಟಲ್ ಎಡಿಟ್‌ಗೆ ಬಿಡ್ತೈತಿ, ಅದು ಸುಳ್ಳಲ್ಲ. ಆದ್ರ ಇದು ಇ-ಇನ್‌ವಾಯ್ಸ್, ಐಆರ್‌ಎನ್ ಹುಟ್ಟಿದ್ದು 29ರ ನಂಬರಿಗೆ, ಆ ಕ್ಯೂಆರ್ ಇರೋ ಕಾಗದ ಕೊಲ್ಹಾಪುರದವ್ರ ಟೇಬಲ್ ಮ್ಯಾಲೆ ಕುಂತೈತಿ. ರಿಟರ್ನ್‌ದಾಗ ಒಂದು, ಕಾಗದದಾಗ ಇನ್ನೊಂದು. ಅವರ ಅಕೌಂಟ್ಸ್‌ನವ್ರು ಇನ್‌ಪುಟ್ ತಗೊಳ್ಳಾಕ ಹೋದಾಗ ತಕರಾರು ಎತ್ತೇ ಎತ್ತತಾರ, ಪೇಮೆಂಟ್ ಹಿಡೀತಾರ, ಆಗ ಫೋನ್ ಬರೂದು ಈ ಹುಡುಗಗ ಅಲ್ಲ, ಸೀದಾ ಮ್ಯಾನೇಜರ್‌ಗೆ. ಪಾರ್ಟಿ ಬಾಯಿಂದ ಮೊದಲ ಕೇಳಿದ ಮ್ಯಾನೇಜರ್ ಆಮ್ಯಾಲೆ ನಿನ್ನ ಮಾತು ಹೆಂಗ ಕೇಳ್ತಾನ ಅಂತ ನಾನು ಹೇಳಬೇಕಾಗಿಲ್ಲ. 22 ವರ್ಷ ಆತು ಈ ಕೆಲಸದಾಗ, ಎರಡೂ ಕಡಿ ಕುಂತೀನಿ, ಮೆಸೇಜ್ ಕಳಿಸಿದಾಂವನೂ ಹೌದು, ಓದಿದಾಂವನೂ ಹೌದು.

ತಮ್ಮಾ, ಆ ಮೆಸೇಜ್ ಕಳಿಸಬ್ಯಾಡ. ಇನ್ನೂ ಏನೂ ಬರೀಬ್ಯಾಡ. ಮೊದಲ ಒಂದ ಕೆಲಸ ಮಾಡು, ಟ್ಯಾಲಿದಾಗ ಆ ಬೆಳಗಾವಿ ಲೆಡ್ಜರ್ ತಗದು ಈ ತಿಂಗಳದ ಎಲ್ಲಾ ಬಿಲ್ ಒಂದೊಂದ ಪಿಓ ಜೋಡಿ ತಾಳೆ ನೋಡು. ಲೆಡ್ಜರ್ ಹೆಸರಿನ ಗೊಂದಲದಿಂದ ಆದ ತಪ್ಪು ಒಂದ ಸಲ ಆಗಿ ಸುಮ್ನಿರೂದು ಕಡಿಮಿ. ಈಗ ಒಂದು ಬಿಲ್ ಅಂತ ಹೇಳಿ ಸಂಜಿಕ್ಕ ಇನ್ನೊಂದೈತಿ ಸರ್ ಅಂದ್ರ, ಆ ಎರಡನೇ ಮೆಸೇಜ್ ಮೊದಲನೇದಕ್ಕಿಂತ ಹತ್ತು ಪಟ್ಟು ಕೆಟ್ಟದ್ದು. 20 ಮಿನಿಟ್ ಸಾಕು. ನೋಡಿ ಬಂದು ಹೇಳು.

---

ಟಿಳಕವಾಡಿ ಅಕ್ಕ · 1.36

ಒಳ್ಳೆ ವಿಷಯ ತಗದೀರಿ. ನಮ್ಮ ಕ್ಲಾಸಸ್‌ನ್ಯಾಗೂ ಇದ ಗೋಳು, ಹುಡುಗ್ರು ಫೀ ರಸೀದಿ ತಪ್ಪು ಬರೀತಾರ, ಕೇಳಿದ್ರ ಒಬ್ಬರೂ ಒಪ್ಕೊಳ್ಳಂಗಿಲ್ಲ, ಒಬ್ಬರ ಮ್ಯಾಲೊಬ್ಬರು ಹಾಕ್ತಾರ. ಅವರ ಬಾಯಿಂದ ಸತ್ಯ ಹೊರಡಿಸೋದು ಹೆಂಗ್ರಿ?

---

ತಾಳಿಕೋಟಿ ಹುಡುಗ · 1.40

ಅಕ್ಕಾರ, ಅವ್ರು ಕೇಳ್ಲಿಕತ್ತಿದ್ದು ತಾವ್ ಒಪ್ಕೊಳ್ಳೋದು ಹೆಂಗ ಅಂತ, ಬ್ಯಾರೆಯವ್ರ ಬಾಯಿ ಬಿಡಿಸೋದಲ್ಲ 😄

---

ಟಿಳಕವಾಡಿ ಅಕ್ಕ · 1.42

ಅಯ್ಯ ಹೌದಲ್ಲ. ಆದ್ರೂ ಯಾರರೆ ಹೇಳ್ರಪಾ ಆಮ್ಯಾಲೆ.

---

ಉದ್ಯಮಬಾಗ್ ಬಿಲ್ಲಿಂಗ್ · 2.04

ಅಣ್ಣಾರ, ನೀವು ಹೇಳಿದಂಗ ಆತು. ಇನ್ನೊಂದು ಸಿಕ್ತು. ನಿನ್ನಿ ಸಂಜಿ 4.50ಕ್ಕ ಮಾಡಿದ ಬಿಲ್, ಅದೂ ಕೊಲ್ಹಾಪುರದ್ದು, ಅದೂ ಬೆಳಗಾವಿ ಲೆಡ್ಜರ್‌ಗೆ. 2,10,000 ಮಾಲು, 37,800 ಟ್ಯಾಕ್ಸ್, ಒಟ್ಟು 2,47,800. ಕೈ ನಡಗಾಕತ್ತಾವ್ರಿ. ಈ ಮಾಲು ಇನ್ನೂ ಯಾರ್ಡ್‌ದಾಗ ಐತಿ, ಗಾಡಿ ಸಂಜಿಕ್ಕ ಬರೂದೈತಿ, ಇ-ವೇ ಬಿಲ್ ಇನ್ನೂ ಮಾಡಿಲ್ಲ.

---

ಹಳೇ ಕೀರ್ದಿಪುಸ್ತಕ · 2.15

ಎರಡನೇದು ಸಿಕ್ಕಿದ್ದು ನಿನ್ನ ದೈವ ಅಂತ ತಿಳಿ. ಐಆರ್‌ಎನ್ ಹುಟ್ಟಿದ 24 ತಾಸಿನೊಳಗ ಕ್ಯಾನ್ಸಲ್ ಮಾಡಾಕ ಬರ್ತೈತಿ, ಅಂದ್ರ ಇವತ್ತ 4.50ರ ತನಕ ನಿನ್ನ ಕೈಯಾಗೈತಿ. ಇ-ವೇ ಬಿಲ್ ಚಾಲೂ ಇದ್ರ ಮೊದಲ ಅದನ್ನ ಕ್ಯಾನ್ಸಲ್ ಮಾಡಬೇಕಾಗ್ತಿತ್ತು, ಅದೂ ಇಲ್ಲ. ನೆನಪಿಡು, ಕ್ಯಾನ್ಸಲ್ ಆದ ಬಿಲ್ ನಂಬರ್ ಮತ್ತ ಬಳಸಾಕ ಬರಂಗಿಲ್ಲ, ಹೊಸಾ ನಂಬರ್ ಹಾಕಬೇಕು. 16ರದು 24 ತಾಸು ದಾಟೈತಿ, ಅದಕ್ಕ ಕ್ರೆಡಿಟ್ ನೋಟ್ ಮಾಡಿ 27ರ ಹೆಸರಿಗೆ ಐಜಿಎಸ್‌ಟಿ ಹಾಕಿ ಹೊಸಾ ಬಿಲ್ ಮಾಡೂದ ನಾವು ಮಾಡ್ಕೊಂಡು ಬಂದ ರೀತಿ. ನಿಮ್ಮ ಸಿಎಗೆ ಒಂದು ಮಾತು ಕೇಳು. ತಪ್ಪು ಬಿಲ್, ಕ್ರೆಡಿಟ್ ನೋಟ್ ಎರಡೂ ಇದ ತಿಂಗಳದಾಗ ಬಿದ್ರ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಅಲ್ಲಿಗಲ್ಲಿಗೆ ವಜಾ ಆಗ್ತೈತಿ, ರೊಕ್ಕ ಸಿಕ್ಕೊಳ್ಳೂದಿಲ್ಲ. ಮುಂದಿನ ತಿಂಗಳಕ್ಕ ಬಿಟ್ರ ಈ ತಿಂಗಳು ಎರಡೂ ಕಡಿ ಟ್ಯಾಕ್ಸ್ ಕಟ್ಟಿ ಕುಂದ್ರೂ ಪಾಳಿ ಬರಬಹುದು.

ಈಗ ಮೆಸೇಜ್. ನಿನ್ನ ಡ್ರಾಫ್ಟ್ ನಾನು ಮ್ಯಾನೇಜರ್ ಆಗಿ ಓದಿದ್ರ ಏನಾಗ್ತೈತಿ ಹೇಳ್ತೀನಿ. ಮೀಟಿಂಗ್‌ನ್ಯಾಗ ಕುಂತೀನಿ, ಫೋನ್ ಟೇಬಲ್ ಮ್ಯಾಲೈತಿ, ಲಾಕ್ ಸ್ಕ್ರೀನ್ ಮ್ಯಾಲೆ ಎರಡು ಸಾಲು ಕಾಣ್ತಾವು. ನಿಂದ್ರಾಗ ಆ ಎರಡು ಸಾಲಿನ್ಯಾಗ ನಮಸ್ಕಾರ, ತ್ರಾಸ, ಕ್ಷಮಾ, ಅಷ್ಟ. ರಜಾ ಕೇಳಾಕತ್ತಾನ ಅಂತ ತಿಳಕೊಂಡು ಫೋನ್ ಬೋರಲ ಹಾಕ್ತೀನಿ. 4.50 ಹೋತು.

ತಗದು ಓದಿದೆ ಅಂತಿಟ್ಕೋ. ಲೋಡಿಂಗ್‌ನವ್ರು, ಡ್ರೈವರ್, ಟ್ಯಾಲಿ, ನಿಮ್ಮವ್ವ, ಇಷ್ಟ ಮಂದಿ ದಾಟಿ ಬಂದ ಮ್ಯಾಲೆ "ಸ್ವಲ್ಪ ತಪ್ಪಾಗೇತಿ" ಅಂತೈತಿ. ಯಾವ ಬಿಲ್? ಎಷ್ಟರದು? ಗಾಡಿ ಎಲ್ಲೈತಿ? ಪಾರ್ಟಿಗೆ ಗೊತ್ತೈತೋ ಇಲ್ಲೋ? ಒಂದೂ ಇಲ್ಲ. "ತಪ್ಪಾಗೇತಿ" ಅಂದ್ರ ಮಳಿ ಬಂದಂಗ ಅದರಷ್ಟಕ್ಕ ಅದ ಆಗೇತಿ, ಮಾಡಿದಾಂವ ಯಾರೂ ಇಲ್ಲ. ನಮ್ಮ ಭಾಷಾದಾಗ ಇದೊಂದು ಭಾರಿ ಅನುಕೂಲ, ಎಲ್ಲಾ "ಆಗೇತಿ" ಅಂದ್ರ ನಡೀತೈತಿ, ಗ್ಲಾಸು ಒಡೀತು, ಹಾಲು ಉಕ್ಕಿತು, ಬಿಲ್ ತಪ್ಪಾತು. "ನಾನು ಮಾಡೀನಿ" ಅಂತ ಬರಿ. ಮೂರು ಸಾಲಿನ ಕ್ಷಮಾಕ್ಕಿಂತ ಅದೊಂದು ಮಾತು ತೂಕ. ಕಡೀಕ್ "ಏನ್ ಮಾಡ್ಲಿ ಸರ್" ಅಂದಿ, ಅಂದ್ರ ತಪ್ಪೂ ನನ್ನ ತಲಿ ಮ್ಯಾಲೆ, ದಾರಿ ಹುಡುಕೂದೂ ನನ್ನ ತಲಿ ಮ್ಯಾಲೆ.

ಅವ್ವನ ವಿಷಯ ತಗದುಬಿಡು. ಸುಳ್ಳಂತಲ್ಲ. ಅದನ್ನ ಇದರ ಜೋಡಿ ಹಚ್ಚಿದ್ರ ಮುಂದ ಖರೇನ ರಜಾ ಬೇಕಾದಾಗ ಅದಕ್ಕ ಬೆಲೆ ಇರಂಗಿಲ್ಲ.

---

ತಾಳಿಕೋಟಿ ಹುಡುಗ · 2.22

ವಿಜಯಪುರ ಕಡಿ ಒಂದ್ ಕೋಲ್ಡ್ ಸ್ಟೋರೇಜ್‌ನ್ಯಾಗ ಒಣದ್ರಾಕ್ಷಿ ಲಾಟ್ ಬರಕೋತೀನ್ರಿ. ಹೋದ ಸೀಜನ್‌ನ್ಯಾಗ ಇಬ್ರು ರೈತರ ಲಾಟ್ ನಂಬರ್ ಅದಲಿಬದಲಿ ಬರದಿದ್ದೆ. ಗೊತ್ತಾದ ಕೂಡ್ಲೇ ಮಾಲಕ್ರಿಗೆ ಹಾಕಿದೆ, ಸಣ್ಣದಾಗೇ ಹಾಕಿದೆ, ತಪ್ಪು ನಂದು, ನಾಳಿ ಮುಂಜಾನೆ 10ರೊಳಗ ಬಾಕ್ಸ್ ಎಲ್ಲಾ ಬ್ಯಾರೆ ಮಾಡಿಸ್ತೀನಿ ಅಂತ. ಅವ್ರು ಒಂದ್ ಮಾತೂ ಬೈಲಿಲ್ಲ. ಆದ್ರ ಹಮಾಲರಿಗೆ ನಾ ಕೇಳಿರಲೇ ಇಲ್ಲ, ಮರುದಿನ ಅವ್ರು ಬ್ಯಾರೆ ಲೋಡಿಗೆ ಹೋದ್ರು, 10 ಹೋಗಿ ಸಂಜಿ 5 ಆಯ್ತು, ನಡುವ ಒಬ್ಬ ರೈತ ಸ್ಯಾಂಪಲ್ ನೋಡ್ಲಿಕ್ಕೆ ಬಂದು ಕುಂತ. ಆವಾಗ ಬೈಸ್ಕೊಂಡೆ ನೋಡ್ರಿ. ಲಾಟ್ ಬದಲಿ ಮಾಡಿದ್ದಕ್ಕಲ್ಲ, 10 ಅಂದಿದ್ದಕ್ಕ. ಅದಕ್ಕ ನಿಮ್ಮ ಕೈಲಿ ಇರೋದನ್ನಷ್ಟೇ ಬರೀರಿ, ಬ್ಯಾರೆಯವ್ರ ಕೈಯಾಗಿರೋದಕ್ಕ ಟೈಮ್ ಹಾಕಬ್ಯಾಡ್ರಿ.

---

ನವನಗರದಾಂವ · 2.27

ಎಲ್ಲಾರೂ ಹರಿಶ್ಚಂದ್ರ ಆಗೀರಿ. ನಾನೂ ಒಮ್ಮಿ ಹಿಂಗ ಬರದು ಕೊಟ್ಟಿದ್ದೆ, ಒಂದು ಗ್ರಾನೈಟ್ ಆಫೀಸಿನ್ಯಾಗ. ಆ ಮೆಸೇಜ್ ಪ್ರಿಂಟ್ ತಗದು ಫೈಲಿಗೆ ಹಚ್ಚಿ ಎರಡು ತಿಂಗಳು ಪಗಾರದಾಗ ಕಟ್ ಮಾಡಿದ್ರು. ಬರದು ಕೊಟ್ರ ಅದು ನಿಮ್ಮ ಕೊಳ್ಳಾಗ ಗಂಟಿ ಕಟ್ಟಿದಂಗ. ಹೇಳೂದಿದ್ರ ಬಾಯಿಲೆ ಹೇಳ್ರಿ.

---

ಹಳೇ ಕೀರ್ದಿಪುಸ್ತಕ · 2.33

ನವನಗರದವ್ರ, ನಿಮ್ಮದು ತೆಗದು ಹಾಕೂ ಮಾತಲ್ಲ. ಅಂಥಾ ಮಾಲಕ್ರು ಅದಾರ, ಅಲ್ಲೆ ಮೊದಲ ಎದುರಿಗೆ ಹೇಳಿ ಆಮ್ಯಾಲೆ ಎರಡು ಸಾಲು ಹಾಕೂದ ಶಾಣೇತನ. ಆದ್ರ ಇಲ್ಲೆ ಸರ್ ಫೋನ್ ಎತ್ತಂಗಿಲ್ಲ, 4.50ರ ಗಡಿಯಾರ ನಿಂದ್ರಂಗಿಲ್ಲ. ಮತ್ತ ಬಿಲ್ ಮಾಡಿದ್ದು ಯಾರ ಲಾಗಿನ್‌ನಿಂದ ಅಂತ ಸಿಸ್ಟಮ್‌ನ್ಯಾಗ ಹೆಂಗೂ ಐತಿ, ಮೆಸೇಜ್ ಬರದ್ರೂ ಬರೀದಿದ್ರೂ.

---

ಉದ್ಯಮಬಾಗ್ ಬಿಲ್ಲಿಂಗ್ · 2.41

ನಮ್ಮ ಸರ್ ಹಂಗಿಲ್ರಿ, ಒದರ್ತಾರ, ಆದ್ರ ಕಟ್ ಮಾಡೂ ಪೈಕಿ ಅಲ್ಲ. ಸಿಎ ಆಫೀಸಿಗೆ ಕೇಳ್ದೆ, ಕ್ರೆಡಿಟ್ ನೋಟ್ ಮಾಡಿ ಹೊಸಾ ಬಿಲ್ ಮಾಡ್ರಿ ಅಂದ್ರು. ಎರಡೂ ಡ್ರಾಫ್ಟ್ ಮಾಡಿ ಇಟ್ಟೀನಿ, ಸೇವ್ ಮಾಡಿಲ್ಲ. ನಡುವ ಕೊಲ್ಹಾಪುರದ ಅಕೌಂಟ್ಸ್‌ನವ್ರಿಗೆ ಒಂದು ಫೋನ್ ಮಾಡಿ ತಿಳಿಸಿಬಿಡ್ಲೇನ್ರಿ? ಪರಿಚಯ ಐತಿ, ಮರಾಠ್ಯಾಗ ಚೊಲೋ ಮಾತಾಡ್ತಾರ. ಮೆಸೇಜ್ ಈಗ ಹಿಂಗ ಮಾಡೀನಿ:

> ಸರ್, ಕೊಲ್ಹಾಪುರ ಪಾರ್ಟಿದು ಬಿಲ್ ತಪ್ಪು ಮಾಡೀನಿ, ಕ್ಷಮಿಸಬೇಕು. ಎರಡು ಬಿಲ್ ಬೆಳಗಾವಿ ಜಿಎಸ್‌ಟಿ ನಂಬರಿಗೆ ಹೋಗ್ಯಾವು. ಒಂದಕ್ಕ ಕ್ರೆಡಿಟ್ ನೋಟ್ ಮಾಡ್ತೀನಿ, ಒಂದು ಕ್ಯಾನ್ಸಲ್ ಮಾಡ್ತೀನಿ. ಏನೂ ತೊಂದ್ರಿ ಆಗಂಗಿಲ್ಲ, ನೀವು ಚಿಂತಿ ಮಾಡಬ್ಯಾಡ್ರಿ.

---

ಹಳೇ ಕೀರ್ದಿಪುಸ್ತಕ · 2.52

ಬಾಳ ಸುಧಾರಿಸಿ. ಆದ್ರ ಕಡೀ ಸಾಲು ನಿನ್ನ ಮಾತಲ್ಲ, ನಿನಗ ನೀನ ಹೇಳ್ಕೊಂಡ ಸಮಾಧಾನ. ತೊಂದ್ರಿ ಒಂದೈತಿ, ಪೇಮೆಂಟ್. ಆ ಪಾರ್ಟಿ ಬಿಲ್ ತಾರೀಖಿನಿಂದ ದಿನ ಎಣಿಸ್ತಾರಲ್ಲ? ಹೊಸಾ ಬಿಲ್ 19ರ ತಾರೀಖಿಗೆ ಹೋದ್ರ 4,95,600 ಬರೂದು ಅಷ್ಟ ದಿನ ಮುಂದ ಹೋಗಬಹುದು. ಮ್ಯಾನೇಜರ್‌ಗೆ ಸಿಜಿಎಸ್‌ಟಿ ಐಜಿಎಸ್‌ಟಿ ಏನೂ ಬಿದ್ದಿರಂಗಿಲ್ಲಪಾ, ಅವರ ತಲಿಯಾಗ ಓಡೂದು ರೊಕ್ಕ ಯಾವಾಗ ಬರ್ತೈತಿ, ಪಾರ್ಟಿ ಮುಂದ ಮಾರಿ ಹೆಂಗ ತೋರಿಸ್ಲಿ, ಇವೆರಡ. ಅವನ್ನ ನೀನ ಮೊದಲ ಬರದುಬಿಟ್ರ ಅವರು ಕೇಳೂ ಪ್ರಶ್ನಿನ ಉಳಿಯಂಗಿಲ್ಲ.

ಪಾರ್ಟಿಗೆ ಈಗ ಫೋನ್ ಮಾಡಬ್ಯಾಡ. ಅವರು ಅಲ್ಲೆ ಅವರ ಮ್ಯಾನೇಜರ್‌ಗೆ ಹೇಳಿ, ಅಲ್ಲಿಂದ ಪುಣೆಕ್ಕ ಹೋಗಿ, ನಿಮ್ಮ ಸರ್‌ಗೆ ಚಾದ ಟೈಮಿನ್ಯಾಗ ಗೊತ್ತಾದ್ರ ಇಷ್ಟ ಬರದಿದ್ದೆಲ್ಲಾ ನೀರಾಗ ಹೋಮ. ಯಾರು ಹೇಳಬೇಕು ಅನ್ನೂದನ್ನ ಅವರಿಗೆ ಬಿಡು, ಆದ್ರ ಪ್ರಶ್ನಿ ಕೇಳು.

ನಾನಾದ್ರ ಹಿಂಗ ಬರೀತಿದ್ದೆ:

> ಸರ್, ಕೊಲ್ಹಾಪುರ ಪಾರ್ಟಿಯ 2 ಬಿಲ್ ನಾನು ತಪ್ಪಿ ಅವರ ಬೆಳಗಾವಿ ಜಿಎಸ್‌ಟಿ ನಂಬರಿಗೆ ಮಾಡೀನಿ. ಒಂದಕ್ಕ ಇವತ್ತ 4.50ರೊಳಗ ನಿಮ್ಮ ಹೂಂ ಬೇಕು.
>
> ನಿನ್ನಿದು, 2,47,800: ಮಾಲು ಯಾರ್ಡ್‌ದಾಗೈತಿ. 4.50ರ ತನಕ ಕ್ಯಾನ್ಸಲ್ ಆಗ್ತೈತಿ, ಹೊಸಾ ಬಿಲ್ ಮಾಡಿ ಗಾಡಿ ಇವತ್ತ ಬಿಡಬಹುದು.
>
> 16ರದು, 4,95,600: ಮಾಲು ಮುಟ್ಟೈತಿ, ಕ್ಯಾನ್ಸಲ್ ಟೈಮ್ ಹೋಗೈತಿ. ಕ್ರೆಡಿಟ್ ನೋಟ್ ಮತ್ತ ಹೊಸಾ ಬಿಲ್ ಮಾಡಬೇಕು, ಸಿಎ ಕಡಿ ಕೇಳೀನಿ, ಡ್ರಾಫ್ಟ್ ರೆಡಿ ಐತಿ. ಟ್ಯಾಕ್ಸ್ ಇದ ತಿಂಗಳು ವಜಾ ಆಗ್ತೈತಿ. ಪೇಮೆಂಟ್ 3 ದಿನ ಮುಂದ ಹೋಗಬಹುದು.
>
> ಈ ತಿಂಗಳದ ಉಳಿದ ಬಿಲ್ ಎಲ್ಲಾ ಪಿಓ ಜೋಡಿ ನೋಡೀನಿ, ಸರಿ ಅದಾವು. ಪಾರ್ಟಿಗೆ ಇನ್ನೂ ಹೇಳಿಲ್ಲ. ನಾನು ಹೇಳ್ಲೋ, ನೀವು ಮಾತಾಡ್ತೀರೋ?

ಕ್ಷಮಾ ಅನ್ನೂ ಶಬ್ದ ಹಾಕಬೇಕು ಅನಿಸಿದ್ರ ಕಡೀಕ್ ಒಂದ ಸಲ "ತಪ್ಪು ನಂದು ಸರ್" ಅಂತ ಹಾಕು. ಆಫೀಸ್ ಗ್ರೂಪಿಗೆ ಹಾಕಬ್ಯಾಡ, ಅವರಿಗೆ ಒಬ್ಬರಿಗೆ.

---

ಟಿಳಕವಾಡಿ ಅಕ್ಕ · 2.58

ಪಾರ್ಟಿಗೆ ಫೋನ್ ಮಾಡಬ್ಯಾಡ ಅನ್ನೂದು ನನಗೇನೋ ಸರಿ ಅನಸ್ಲಿಲ್ರಿ. ಅವರು ಈಗಾಗಲೇ ಆ ಬಿಲ್ ಎಂಟ್ರಿ ಮಾಡಾಕ ಕುಂತಿದ್ರ? ಎಷ್ಟ ಲಗೂ ತಿಳಸ್ತೀವೋ ಅಷ್ಟ ಚೊಲೋ ಅಲ್ಲೇನು.

---

ಹಳೇ ಕೀರ್ದಿಪುಸ್ತಕ · 3.03

ಲಗೂ ತಿಳಸೂದು ಚೊಲೋನ ಅಕ್ಕಾರ. ಆದ್ರ ಎರಡು ತಾಸು ತಡ ಆದ್ರ ಅಲ್ಲೇನೂ ಬೆಂಕಿ ಹತ್ತಂಗಿಲ್ಲ. ಸರ್ ಸಂಜಿ ತನಕ ಉತ್ತರ ಕೊಡದಿದ್ರ ಆಗ ನಿಮ್ಮ ಮಾತು ಖರೆ ಆಗಬಹುದು, ಅಲ್ಲೆ ನಾನೂ ಗಟ್ಟಿಯಾಗಿ ಹೇಳಾಕ ತಯಾರಿಲ್ಲ.

---

ಉದ್ಯಮಬಾಗ್ ಬಿಲ್ಲಿಂಗ್ · 3.09

ಕಳಿಸೀನ್ರಿ. ನೀವು ಬರದಂಗ, ಕಡೀಕ್ "ತಪ್ಪು ನಂದು ಸರ್" ಅಂತ ಹಾಕೀನಿ. ಒಂದು ಟಿಕ್ ಐತಿ.

---

ಉದ್ಯಮಬಾಗ್ ಬಿಲ್ಲಿಂಗ್ · 3.48

ಎರಡು ಟಿಕ್. ನೀಲಿ ಆಗವಲ್ದು. 4.50 ಆದ್ರ ಏನ್ ಮಾಡ್ಲಿ? ಕ್ಯಾನ್ಸಲ್ ಹೊಡದುಬಿಡ್ಲೇನು ಕೇಳದ?

---

ತಾಳಿಕೋಟಿ ಹುಡುಗ · 3.52

ಅದು ಹಿಂದಕ್ಕ ತರ್ಲಿಕ್ಕೆ ಬರಲಾರದ ಕೆಲಸ ಅದ, ಯಾರಿಗೂ ಕೇಳದ ಹೊಡೀಬ್ಯಾಡ್ರಿ. ಅಲ್ಲೆ ಫ್ಯಾಕ್ಟ್ರ್ಯಾಗ ಸರ್ ಬಿಟ್ರ ಇನ್ನ್ಯಾರಿಗೆ ಅಧಿಕಾರ ಅದ?

---

ಹಳೇ ಕೀರ್ದಿಪುಸ್ತಕ · 3.55

ಹುಡುಗ ಹೇಳಿದ್ದ ಸರಿ. 4.15ರ ತನಕ ನೋಡು. ಆಮ್ಯಾಲೆ ಪ್ಲಾಂಟ್ ಹೆಡ್ ಇದ್ರ ಅವರ ಮುಂದ ಆ ಮೆಸೇಜ್ ಹಂಗಾ ತೋರಿಸಿ ಹೂಂ ತಗೋ. ಹೊಸದಾಗಿ ಕಥಿ ಹೇಳಬ್ಯಾಡ.

---

ಉದ್ಯಮಬಾಗ್ ಬಿಲ್ಲಿಂಗ್ · 4.31

ಬಂತು ಬಂತು. 4.12ಕ್ಕ ಬಂತು ಉತ್ತರ. ಪೂರ್ತಿ ಇಷ್ಟ ಐತಿ:

> ನಿನ್ನಿದು ಕ್ಯಾನ್ಸಲ್ ಮಾಡು. 16ರ ಡ್ರಾಫ್ಟ್ ಕಳ್ಸು ನೋಡ್ತೀನಿ. ಪಾರ್ಟಿಗೆ ನಾ ಮಾತಾಡ್ತೀನಿ. ಲೆಡ್ಜರ್ ಹೆಸರು ಯಾಕ ಒಂದ ನಮೂನಿ ಇಟ್ಟೀರಿ?

4.20ಕ್ಕ ಕ್ಯಾನ್ಸಲ್ ಆತು, ಹೊಸಾ ನಂಬರಿನ ಮ್ಯಾಲೆ ಬಿಲ್ ಮಾಡ್ದೆ, ಐಜಿಎಸ್‌ಟಿ 37,800, ಈ ಸಲ ನಂಬರಿನ ಮೊದಲ ಎರಡು ಅಂಕಿ ಬಳ್ಳಿಟ್ಟು ಓದೀನಿ, 27. ಲೆಡ್ಜರ್ ಹೆಸರಿನ ಮುಂದ "27 ಕೊಲ್ಹಾಪುರ", "29 ಬೆಳಗಾವಿ" ಅಂತ ಹಚ್ಚಿ ಅವರಿಗೆ ಫೋಟೋ ಕಳಿಸಿದೆ. ಅದಕ್ಕ ಉತ್ತರ ಬಂದಿಲ್ಲ, ಬರೇ ನೀಲಿ ಟಿಕ್.

ಇನ್ನೊಂದು ಉಳೀತು. 16ರ ಮಾಲು ಮುಟ್ಟಿಬಿಟ್ಟೈತಿ, ಈಗ ಹೊಸಾ ಬಿಲ್ಲಿಗೆ ಮತ್ತ ಇ-ವೇ ಬಿಲ್ ಮಾಡಬೇಕೇನ್ರಿ?

---

ನವನಗರದಾಂವ · 4.38

ಮಾಲು ಅಲ್ಲಾಡಂಗಿಲ್ಲ ಅಂದ್ಮ್ಯಾಲೆ ಇ-ವೇ ಬಿಲ್ ಯಾಕ. ಬ್ಯಾಡ.

---

ಹಳೇ ಕೀರ್ದಿಪುಸ್ತಕ · 4.44

ನಾನೂ ಬ್ಯಾಡ ಅಂತೀನಿ, ಆದ್ರ ಹೊಸಾ ಬಿಲ್ ಮ್ಯಾಲೆ ಹಳೇ ಬಿಲ್ ನಂಬರ್, ಹಳೇ ಇ-ವೇ ನಂಬರ್ ಎರಡೂ ಬರದು ಹಚ್ಚಿಡು ಅಂತ ಹೇಳ್ತಿದ್ದೆ. ಬ್ಯಾರೆ ಥರ ಹೇಳೂ ಸಿಎಗಳೂ ಅದಾರ. ನಿಮ್ಮ ಸಿಎಗೆ ಕೇಳಿ, ಉತ್ತರ ಬರಹದಾಗ ತಗೋ.

---

ಟಿಳಕವಾಡಿ ಅಕ್ಕ · 5.20

ನನ್ನ ರಸೀದಿ ಪ್ರಶ್ನಿ ಹಂಗ ಉಳೀತು ನೋಡ್ರಿ.

---

ಉದ್ಯಮಬಾಗ್ ಬಿಲ್ಲಿಂಗ್ · 6.15

ಗಾಡಿ ಈಗ ಗೇಟ್ ದಾಟ್ತು. ಸರ್ ಶನಿವಾರ ಬರ್ತಾರಂತ.

---

ನವನಗರದಾಂವ · 6.21

ಶನಿವಾರ ಬ್ಯಾಡ, ಪಗಾರ ಬಂದ ದಿನ ಬಂದು ಹೇಳು ತಮ್ಮಾ, ಪೂರಾ ಬಂತೋ ಇಲ್ಲೋ.